ಕನ್ನಡದಲ್ಲಿ ರೋಗಿಸ್ನೇಹಿ ಔಷಧಿ ಲೇಬಲ್

ರೋಗಿಸ್ನೇಹಿ ಔಷಧಿ ಲೇಬಲ್ ಎಂದರೆ ಔಷಧಿ ಅಂಗಡಿಯಲ್ಲಿ ಅಥವಾ ಆಸ್ಪತ್ರೆಯ ಔಷಧಾಲಯದಲ್ಲಿ ಔಷಧಿಯನ್ನು ಕೊಡುವಾಗ ಅದರ ಕವರಿನ ಮೇಲೆ ಬರೆಯುವ ಅಥವಾ ಅಂಟಿಸುವ ಸೂಚನೆ. ಇದನ್ನು ರೋಗಿಯ ಭಾಷೆಯಲ್ಲಿ, ಸರಳ ಪದ ಮತ್ತು ಚಿತ್ರಗಳ ಮೂಲಕ ಸಿದ್ಧಪಡಿಸಲಾಗುತ್ತದೆ. ಯಾವ ಔಷಧಿಯನ್ನು, ಎಷ್ಟು, ಯಾವಾಗ, ಹೇಗೆ ಮತ್ತು ಎಷ್ಟು ದಿನ ತೆಗೆದುಕೊಳ್ಳಬೇಕು ಎಂಬುದನ್ನು ಓದಲು ಬಾರದವರಿಗೂ ಅಲ್ಪಸ್ವಲ್ಪ ಓದಬಲ್ಲವರಿಗೂ ತಿಳಿಸುವುದು ಇದರ ಕೆಲಸ. ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳಂತಹ ಗ್ರಾಮೀಣ ಪ್ರದೇಶದಲ್ಲಿ ಇಂತಹ ಲೇಬಲ್ ಬರೆಯುವಾಗ ಎದುರಾಗುವ ಭಾಷೆಯ ಮತ್ತು ಚಿತ್ರದ ಸಮಸ್ಯೆಗಳನ್ನು ಈ ಲೇಖನ ವಿವರಿಸುತ್ತದೆ.

ಹಿನ್ನೆಲೆ

ಭಾರತದಲ್ಲಿ ಔಷಧಿಯ ಮೂಲ ಲೇಬಲನ್ನು 1945ರ ಔಷಧ ನಿಯಮಗಳು ನಿಯಂತ್ರಿಸುತ್ತವೆ. ಔಷಧಿಯ ಹೆಸರು, ಪ್ರಮಾಣ, ತಯಾರಕರ ಹೆಸರು, ಬ್ಯಾಚ್ ಸಂಖ್ಯೆ, ತಯಾರಿಕೆಯ ಮತ್ತು ಅವಧಿ ಮುಗಿಯುವ ದಿನಾಂಕ ಮುಂತಾದವು ಅದರಲ್ಲಿರಬೇಕು. ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಿಗಳ ಮೇಲೆ ಅದಕ್ಕೆ ತಕ್ಕ ಎಚ್ಚರಿಕೆಯೂ ಇರುತ್ತದೆ. ಆದರೆ ಈ ಮುದ್ರಿತ ಲೇಬಲ್ ಔಷಧಿ ಏನೆಂಬುದನ್ನು ಹೇಳುತ್ತದೆಯೇ ಹೊರತು, ಈ ರೋಗಿ ಅದನ್ನು ಹೇಗೆ ತೆಗೆದುಕೊಳ್ಳಬೇಕು ಎಂಬುದನ್ನು ಹೇಳುವುದಿಲ್ಲ. ಆ ಭಾಗ ಉಳಿಯುವುದು ಔಷಧಿ ಕೊಡುವವರ ಕೈಯಲ್ಲಿ. ಭಾರತೀಯ ಫಾರ್ಮಸಿ ಪರಿಷತ್ತಿನ 2015ರ ಫಾರ್ಮಸಿ ವೃತ್ತಿ ನಿಯಮಾವಳಿಯು ಔಷಧಿಯನ್ನು ಸೂಕ್ತ ಲೇಬಲ್ ಸಹಿತ ಕೊಡುವುದನ್ನೂ ರೋಗಿಗೆ ತಿಳಿವಳಿಕೆ ನೀಡುವುದನ್ನೂ ನೋಂದಾಯಿತ ಫಾರ್ಮಾಸಿಸ್ಟರ ಕೆಲಸದ ಭಾಗವೆಂದು ಪರಿಗಣಿಸುತ್ತದೆ.

2011ರ ಜನಗಣತಿಯಂತೆ ಚಿಕ್ಕಮಗಳೂರು ಜಿಲ್ಲೆಯ ಸಾಕ್ಷರತೆ ಸುಮಾರು ಶೇ. 79. ಜನಗಣತಿಯ ಲೆಕ್ಕದಲ್ಲಿ ಸಾಕ್ಷರರೆಂದರೆ ಯಾವುದಾದರೂ ಒಂದು ಭಾಷೆಯಲ್ಲಿ ಅರ್ಥಮಾಡಿಕೊಂಡು ಓದಲು, ಬರೆಯಲು ಬಲ್ಲ ಏಳು ವರ್ಷ ಮತ್ತು ಮೇಲ್ಪಟ್ಟವರು. ಬಸ್ಸಿನ ಬೋರ್ಡನ್ನು ಓದಬಲ್ಲವರೆಲ್ಲರೂ ಔಷಧಿಯ ಸೂಚನೆಯನ್ನು ಓದಿ ಅದರಂತೆ ನಡೆಯಬಲ್ಲರು ಎಂದು ಇದರಿಂದ ಹೇಳಲಾಗದು. ಹೆಚ್ಚು ಔಷಧಿ ಬಳಸುವವರು ವಯಸ್ಸಾದವರು; ಅವರಲ್ಲಿ ಅಕ್ಷರ ಬಲ್ಲವರು ಕಡಿಮೆ, ಕಣ್ಣೂ ಮಂದ. ಈ ಭಾಗದ ತಾಂಡಾಗಳಲ್ಲಿ ಲಂಬಾಣಿ, ಪೇಟೆಗಳ ಕೆಲವು ಮನೆಗಳಲ್ಲಿ ಉರ್ದು ಮನೆಮಾತಾಗಿದೆ. ಅವರಿಗೆ ಕನ್ನಡ ಕೇಳಿದರೆ ತಿಳಿಯುತ್ತದೆಯಾದರೂ ಓದಿ ತಿಳಿಯುವುದು ಬೇರೆ ಮಾತು.

2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆಯವರು ಸರ್ಕಾರಿ ವೈದ್ಯರು ಔಷಧಿ ಚೀಟಿಯನ್ನು ಕನ್ನಡದಲ್ಲಿ ಬರೆಯಬೇಕೆಂದು ರಾಜ್ಯದ ಆರೋಗ್ಯ ಸಚಿವರನ್ನು ಕೋರಿದಾಗ ಈ ವಿಷಯ ಚರ್ಚೆಗೆ ಬಂದಿತು. ಇಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡುವುದು ಅಗತ್ಯ. ಔಷಧಿಯ ಹೆಸರನ್ನು ಓದಬೇಕಾದವರು ಫಾರ್ಮಾಸಿಸ್ಟರು ಮತ್ತು ಮುಂದೆ ರೋಗಿಯನ್ನು ನೋಡುವ ಬೇರೆ ವೈದ್ಯರು. ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿಯೂ ಇರದಿದ್ದರೆ ತಪ್ಪು ಔಷಧಿ ಕೈಸೇರುವ ಅಪಾಯವಿದೆ. ತೆಗೆದುಕೊಳ್ಳುವ ಕ್ರಮವನ್ನು ಓದಬೇಕಾದವರು ರೋಗಿ. ಕನ್ನಡ ಅತ್ಯಗತ್ಯವಾಗಿರುವುದು ಅಲ್ಲಿ.

1-0-1 ಬರವಣಿಗೆಯ ತೊಡಕು

ಸಾಮಾನ್ಯವಾಗಿ ಔಷಧಿ ಅಂಗಡಿಯಲ್ಲಿ ಸ್ಟ್ರಿಪ್ಪಿನ ಹಿಂಬದಿಯಲ್ಲಿ ಅಥವಾ ಕಾಗದದ ಕವರಿನ ಮೇಲೆ ಪೆನ್ನಿನಿಂದ 1-0-1 ಎಂದು ಬರೆದು ಕೊಡುವುದು ರೂಢಿ. ಬೆಳಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂಬುದು ಇದರ ಅರ್ಥ. ಬರೆಯುವವರಿಗೆ ಇದು ಸುಲಭ. ಓದುವವರು ಮಾತ್ರ ಮೂರು ವಿಷಯಗಳನ್ನು ಮೊದಲೇ ತಿಳಿದಿರಬೇಕು: ಅಂಕಿಗಳು ಎಡದಿಂದ ಬಲಕ್ಕೆ ಸಾಗುತ್ತವೆ, ಮೊದಲ ಸ್ಥಾನ ಬೆಳಗ್ಗೆಯದು, ಸೊನ್ನೆಯೆಂದರೆ ಆ ಹೊತ್ತಿಗೆ ಇಲ್ಲ. ಓದುವ ಅಭ್ಯಾಸವೇ ಇಲ್ಲದವರಿಗೆ ಎಡದಿಂದ ಬಲಕ್ಕೆ ಎಂಬುದು ಸಹಜವಾದ ಕ್ರಮವಲ್ಲ. ಉರ್ದು ಓದಿದವರಿಗೆ ಅಕ್ಷರದ ದಿಕ್ಕು ಬಲದಿಂದ ಎಡಕ್ಕೆ. 1-0-1 ಎರಡೂ ಕಡೆಯಿಂದ ಒಂದೇ ಆಗಿರುವುದರಿಂದ ದಿಕ್ಕಿನ ತಪ್ಪು ಹೊರಗೆ ಕಾಣುವುದಿಲ್ಲ. 1-0-0 ಅಥವಾ 0-0-1 ಬಂದಾಗ ಅದು ಹೊರಬೀಳುತ್ತದೆ. ಬೆಳಗ್ಗೆ ನುಂಗಬೇಕಾದ ಮೂತ್ರ ಹೆಚ್ಚಿಸುವ ಮಾತ್ರೆಯನ್ನು ರಾತ್ರಿ ನುಂಗಿದ ವೃದ್ಧರು ಮತ್ತೆ ಮತ್ತೆ ಎದ್ದು, ಕತ್ತಲಲ್ಲಿ ಬಿದ್ದು ಸೊಂಟ ಮುರಿದುಕೊಳ್ಳಬಹುದು.

ಓದಲು ಬಂದರೂ ಸೂಚನೆ ಕೈಗೆ ಇಳಿಯದಿರಬಹುದು. ಅಮೆರಿಕದಲ್ಲಿ ಟೆರಿ ಡೇವಿಸ್, ಮೈಕೆಲ್ ವುಲ್ಫ್ ಮತ್ತು ಸಂಗಡಿಗರು 395 ವಯಸ್ಕ ರೋಗಿಗಳ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಪ್ರಸಿದ್ಧ ನಿದರ್ಶನ. ಎರಡು ಮಾತ್ರೆಗಳನ್ನು ದಿನಕ್ಕೆ ಎರಡು ಬಾರಿ ತೆಗೆದುಕೊಳ್ಳಿ ಎಂಬ ಸೂಚನೆಯನ್ನು ಓದುವ ಸಾಮರ್ಥ್ಯ ಕಡಿಮೆಯಿದ್ದವರಲ್ಲಿ ಸುಮಾರು ಶೇ. 71 ಮಂದಿ ಸರಿಯಾಗಿ ಹೇಳಿದರು. ಹಾಗಾದರೆ ದಿನಕ್ಕೆ ಎಷ್ಟು ಮಾತ್ರೆ, ಎಣಿಸಿ ತೋರಿಸಿ ಎಂದಾಗ ನಾಲ್ಕನ್ನು ಎಣಿಸಿದವರು ಸುಮಾರು ಶೇ. 35 ಮಾತ್ರ. ಓದಿದ ಮಾತನ್ನು ಒಪ್ಪಿಸುವುದಕ್ಕೂ ಮಾತ್ರೆ ಎಣಿಸುವುದಕ್ಕೂ ನಡುವೆ ಒಂದು ಗುಣಾಕಾರವಿತ್ತು. ಒಳ್ಳೆಯ ಲೇಬಲ್ ಆ ಗುಣಾಕಾರವನ್ನು ರೋಗಿಯ ಮೇಲೆ ಹೊರಿಸದೆ, ಬೆಳಗ್ಗೆ 2, ರಾತ್ರಿ 2 ಎಂದು ತಾನೇ ಬಿಡಿಸಿ ಹೇಳುತ್ತದೆ.

ಕನ್ನಡ ಪದಗಳ ಆಯ್ಕೆ

ಇಂಗ್ಲಿಷ್ ಸೂಚನೆಯನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಿದರೆ ಲೇಬಲ್ ಸರಳವಾಗುವುದಿಲ್ಲ. 'ಆಹಾರ ಸೇವನೆಯ ನಂತರ' ಎಂಬುದು ಕನ್ನಡವೇ ಆದರೂ ಯಾವ ಮನೆಯಲ್ಲೂ ಆಡುವ ಮಾತಲ್ಲ. 'ಸೇವಿಸಿ' ಎಂಬ ಪದಕ್ಕಿಂತ ಮಾತ್ರೆಗೆ 'ನುಂಗಿ', ಔಷಧಿ ನೀರಿಗೆ 'ಕುಡಿಯಿರಿ' ಅಥವಾ 'ಕುಡಿಸಿ', ಮುಲಾಮಿಗೆ 'ಹಚ್ಚಿ' ಎಂಬ ಪದಗಳು ಉತ್ತಮ. ಏಕೆಂದರೆ ಅವು ಕ್ರಿಯೆಯನ್ನೇ ಹೇಳುತ್ತವೆ. ದಮ್ಮಿನ ಔಷಧಿಯನ್ನು ಪುಟ್ಟ ಸಾಧನದೊಳಗೆ ಹಾಕಿ ಉಸಿರಿನೊಂದಿಗೆ ಎಳೆದುಕೊಳ್ಳುವ ಕ್ಯಾಪ್ಸೂಲುಗಳನ್ನು ರೋಗಿಗಳು ನುಂಗಿಬಿಡುವುದು ವೈದ್ಯರಿಗೆ ಪರಿಚಿತವಾದ ತಪ್ಪು. ಕ್ಯಾಪ್ಸೂಲು ನೋಡಲು ನುಂಗುವ ಕ್ಯಾಪ್ಸೂಲಿನಂತೆಯೇ ಇರುತ್ತದೆ, ಲೇಬಲ್ 'ಸೇವಿಸಿ' ಎನ್ನುತ್ತದೆ. ತಪ್ಪು ರೋಗಿಯದೆನ್ನುವುದು ಕಷ್ಟ. 'ನುಂಗಬೇಡಿ. ಮಿಷನ್ನಿನಲ್ಲಿ ಹಾಕಿ ಬಾಯಿಂದ ಉಸಿರು ಎಳೆದುಕೊಳ್ಳಿ' ಎಂದು ಬರೆದರೆ ಗೊಂದಲ ಉಳಿಯುವುದಿಲ್ಲ.

ಕನ್ನಡದ್ದೇ ಆದ ಕೆಲವು ಬಲೆಗಳೂ ಇವೆ. 'ಮಾತ್ರೆ' ಮತ್ತು 'ಮಾತ್ರ' ಎಂಬ ಪದಗಳ ನಡುವೆ ಇರುವುದು ಒಂದು ಸ್ವರಚಿಹ್ನೆಯ ಅಂತರ. 'ರಾತ್ರಿ ಮಾತ್ರ 1 ಮಾತ್ರೆ' ಎಂದು ಸಣ್ಣ ಅಕ್ಷರದಲ್ಲಿ ಬರೆದರೆ ಕೂಡಿಸಿ ಓದುವವರು ಎಡವುತ್ತಾರೆ. 'ರಾತ್ರಿ ಒಂದೇ ಮಾತ್ರೆ. ಬೆಳಗ್ಗೆ ಬೇಡ' ಎಂದರೆ ಅದೇ ಅರ್ಥ ಸ್ಪಷ್ಟವಾಗುತ್ತದೆ. '8 ಗಂಟೆಗೆ 1' ಎಂಬ ಬರಹವನ್ನು ಎಂಟು ಗಂಟೆಗೊಮ್ಮೆ ಎಂದೂ ಎಂಟು ಹೊಡೆದಾಗ ಒಂದು ಎಂದೂ ಓದಬಹುದು. ಮೊದಲ ಅರ್ಥದಲ್ಲಿ ದಿನಕ್ಕೆ ಮೂರು, ಎರಡನೆಯದರಲ್ಲಿ ಒಂದೇ. 'ಬೆಳಗ್ಗೆ ರಾತ್ರಿ 2' ಎಂಬುದು ಒಟ್ಟು ಎರಡೋ ಪ್ರತಿ ಸಲ ಎರಡೋ ತಿಳಿಯದು. ಆದ್ದರಿಂದ ಪ್ರತಿ ಹೊತ್ತಿನ ಪಕ್ಕದಲ್ಲಿ ಅದರದೇ ಅಂಕಿ ಇರಬೇಕು.

ಅಂಕಿಗಳ ವಿಷಯದಲ್ಲಿ ಕನ್ನಡಾಭಿಮಾನಕ್ಕೆ ಸ್ವಲ್ಪ ಕಹಿಯಾದ ಮಾತೊಂದಿದೆ. ಓದು ಬಾರದವರೂ ನೋಟು, ಮೊಬೈಲ್ ಮತ್ತು ಗಡಿಯಾರಗಳಿಂದ 1, 2, 3 ಅಂಕಿಗಳನ್ನು ಗುರುತಿಸುತ್ತಾರೆ. ಕನ್ನಡ ಅಂಕಿಗಳ ಪರಿಚಯ ಅಷ್ಟಿಲ್ಲ. ಅದಲ್ಲದೆ ಅವಸರದ ಕೈಬರಹದಲ್ಲಿ ೧ ಮತ್ತು ೦ ಒಂದರಂತೆ ಇನ್ನೊಂದು ಕಾಣುತ್ತವೆ. ಔಷಧಿಯ ಪ್ರಮಾಣದಲ್ಲಿ ಆ ಗೊಂದಲಕ್ಕೆ ಅವಕಾಶ ಕೊಡಬಾರದು. ½ ಎಂಬ ಚಿಹ್ನೆಯನ್ನು 1 ಮತ್ತು 2 ಎಂದು ಓದುವವರಿರುವುದರಿಂದ 'ಅರ್ಧ' ಎಂದು ಬರೆದು, ಪಕ್ಕದಲ್ಲಿ ಎರಡು ಹೋಳಾದ ಮಾತ್ರೆಯ ಚಿತ್ರ ಬಿಡಿಸುವುದು ಕ್ಷೇಮ.

ಊಟದ ಹೊತ್ತನ್ನು ಆಯಾ ಊರಿನ ದಿನಚರಿಯಿಂದಲೇ ತಿಳಿಯಬೇಕು. ಕಡೂರು ಅಜ್ಜಂಪುರಗಳ ಕಡೆ ಹೊಲ ತೋಟಗಳಿಗೆ ಹೋಗುವವರು ನಸುಕಿನಲ್ಲಿ ಕಾಫಿ ಅಥವಾ ಟೀ ಕುಡಿದು ಹೊರಟು, ತಿಂಡಿಯನ್ನು ತಡವಾಗಿ ತಿನ್ನುವುದುಂಟು. 'ಬೆಳಗ್ಗೆ, ಊಟ ಆದ ಮೇಲೆ' ಎಂದು ಬರೆದರೆ ಅವರಿಗೆ ಬೆಳಗ್ಗೆ ಊಟವೇ ಇಲ್ಲ. ತಿಂಡಿ ಬೇರೆ, ಊಟ ಬೇರೆ. ಕಾಫಿ ಕುಡಿದು ಮಾತ್ರೆ ನುಂಗಿ ಹೋದವರು ತಾವು ಸೂಚನೆಯಂತೆ ನಡೆದಿದ್ದೇವೆ ಎಂದೇ ತಿಳಿದಿರುತ್ತಾರೆ. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳಲ್ಲಿ ಇದು ಅಪಾಯಕಾರಿ. ಮಾತ್ರೆ ನುಂಗಿ ಬಹಳ ಹೊತ್ತು ಏನೂ ತಿನ್ನದಿದ್ದರೆ ಸಕ್ಕರೆ ಕುಸಿದು ಬೆವರು, ನಡುಕ, ತಲೆಸುತ್ತು ಬರುತ್ತದೆ. 'ಬೆಳಗ್ಗೆ ತಿಂಡಿ ತಿಂದ ಮೇಲೆ' ಎಂಬ ಮಾತು ಈ ಗೊಂದಲವನ್ನು ತಪ್ಪಿಸುತ್ತದೆ. 'ಮೂರು ಹೊತ್ತು' ಎಂಬುದು ಎಲ್ಲರಿಗೂ ತಿಳಿಯುವ ಸೊಗಸಾದ ಮಾತು. ಆದರೆ ಅದು ಊಟಕ್ಕೆ ಅಂಟಿಕೊಂಡಿದೆ. ಒಪ್ಪೊತ್ತು ಮಾಡುವ ದಿನ ಅಥವಾ ರಂಜಾನ್ ಉಪವಾಸದಲ್ಲಿ ಊಟದೊಂದಿಗೆ ಮಾತ್ರೆಯೂ ಬಿಟ್ಟುಹೋಗುತ್ತದೆ. ಉಪವಾಸದ ಅಭ್ಯಾಸವಿದೆಯೇ ಎಂದು ಔಷಧಿ ಕೊಡುವಾಗಲೇ ಕೇಳಿ, ಇದ್ದರೆ ವೈದ್ಯರಿಂದ ಹೊತ್ತನ್ನು ಗೊತ್ತುಮಾಡಿಸಿಕೊಳ್ಳಬೇಕಾಗುತ್ತದೆ.

ಔಷಧಿ ನೀರಿಗೆ 'ಚಮಚ' ಎಂದು ಬರೆಯುವುದನ್ನು ಬಿಡುವುದು ಒಳ್ಳೆಯದು. ಅಡುಗೆಮನೆಯ ಚಮಚಗಳು ಒಂದೇ ಅಳತೆಯವಲ್ಲ. ಬಾಟಲಿಯೊಂದಿಗೆ ಬರುವ ಅಳತೆಯ ಮುಚ್ಚಳದಲ್ಲಿ 5 ಮಿ.ಲೀ. ಗೆರೆಯ ಮೇಲೆ ಅಳಿಸದ ಪೆನ್ನಿನಿಂದ ಗುರುತು ಮಾಡಿ 'ಈ ಗೆರೆವರೆಗೆ' ಎಂದು ತೋರಿಸಿದರೆ ಅಂಕಿ ಓದುವ ಅಗತ್ಯವೇ ಬೀಳುವುದಿಲ್ಲ.

ಚಿತ್ರಗಳು

ಔಷಧಿ ಸೂಚನೆಗಾಗಿ ಸಿದ್ಧ ಚಿತ್ರಮಾಲೆಗಳಿವೆ. ಅಮೆರಿಕದ ಔಷಧಕೋಶ ಸಂಸ್ಥೆಯದು 81 ಚಿತ್ರಗಳ ಮಾಲೆ. ಅಂತರರಾಷ್ಟ್ರೀಯ ಫಾರ್ಮಸಿ ಒಕ್ಕೂಟವೂ ಇಂತಹ ಚಿತ್ರಗಳನ್ನು ರೂಪಿಸಿದೆ. ಆದರೆ ಒಂದು ಕಡೆ ಬರೆದ ಚಿತ್ರ ಎಲ್ಲೆಡೆ ತಿಳಿಯುತ್ತದೆ ಎಂಬ ನಂಬಿಕೆ ನಿಜವಲ್ಲ. ದಕ್ಷಿಣ ಆಫ್ರಿಕಾದ ರೋಡ್ಸ್ ವಿಶ್ವವಿದ್ಯಾಲಯದ ರಾಸ್ ಡೌಸ್ ಮತ್ತು ಮಾರ್ಟಿನಾ ಏಲರ್ಸ್ ಅಲ್ಪ ಓದಿನ ಜನರ ನಡುವೆ ಅಮೆರಿಕದ ಚಿತ್ರಗಳನ್ನೂ ಸ್ಥಳೀಯವಾಗಿ ರೂಪಿಸಿದವನ್ನೂ ಹೋಲಿಸಿ ನೋಡಿದಾಗ, ಜನರೊಂದಿಗೆ ಕುಳಿತು ತಿದ್ದಿದ ಸ್ಥಳೀಯ ಚಿತ್ರಗಳೇ ಹೆಚ್ಚು ಅರ್ಥವಾದವು. ಚಿತ್ರಸಹಿತ ಲೇಬಲಿನಿಂದ ಅರ್ಥಗ್ರಹಿಕೆಯೂ ಔಷಧಿ ಕ್ರಮದ ಪಾಲನೆಯೂ ಸುಧಾರಿಸಿದ್ದನ್ನು ಅವರು 2005ರಲ್ಲಿ ವರದಿ ಮಾಡಿದರು.

ಹೊತ್ತನ್ನು ತೋರಿಸುವ ಚಿತ್ರಗಳಲ್ಲಿ ಸೂರ್ಯನೇ ದೊಡ್ಡ ತೊಡಕು. ಬೆಟ್ಟದ ನಡುವೆ ಅರ್ಧ ಕಾಣುವ ಸೂರ್ಯ ಹುಟ್ಟುವವನೋ ಮುಳುಗುವವನೋ ಚಿತ್ರದಲ್ಲಿ ತಿಳಿಯದು. ಅಕ್ಕಪಕ್ಕದಲ್ಲಿ ಎರಡನ್ನೂ ಬರೆದರೆ ಗೊಂದಲ ಇಮ್ಮಡಿಯಾಗುತ್ತದೆ. ಬೆಳಗ್ಗೆಗೆ ಕೂಗುವ ಹುಂಜ, ಮಧ್ಯಾಹ್ನಕ್ಕೆ ನೆತ್ತಿಯ ಮೇಲಿನ ಪೂರ್ಣ ಸೂರ್ಯ, ರಾತ್ರಿಗೆ ಚಾಪೆಯ ಮೇಲೆ ಮಲಗಿದ ಮನುಷ್ಯ ಮತ್ತು ನಕ್ಷತ್ರಗಳು ಇಲ್ಲಿಯ ಬದುಕಿಗೆ ಹತ್ತಿರವಾದ ಆಯ್ಕೆಗಳು. ಬರೀ ಬಾಲಚಂದ್ರನನ್ನು ಕೆಲವರು ಹಬ್ಬದ ಅಥವಾ ಧರ್ಮದ ಗುರುತಾಗಿ ಕಾಣಬಹುದು. ಊಟಕ್ಕೆ ಚಾಕು ಮತ್ತು ಫೋರ್ಕಿನ ಚಿತ್ರದ ಬದಲು ತಟ್ಟೆಯಲ್ಲಿ ಮುದ್ದೆ ಮತ್ತು ಸಾರಿನ ಬಟ್ಟಲು ಬರೆಯಬಹುದು. 'ತಿಂದ ಮೇಲೆ' ಎನ್ನಲು ಖಾಲಿ ತಟ್ಟೆ ತೋರಿಸಿದರೆ 'ಬರೀ ಹೊಟ್ಟೆ' ಎಂದು ಓದುವ ಸಂಭವವಿದೆ. ಹೊಟ್ಟೆಯ ಚಿತ್ರದೊಳಗೆ ಅನ್ನವನ್ನು ತೋರಿಸಿದರೂ ಎಲ್ಲರಿಗೂ ಹೊಟ್ಟೆಯ ಅಡ್ಡಕೊಯ್ತದ ಚಿತ್ರ ಪರಿಚಿತವಲ್ಲ. ಊಟ ಮಾಡುತ್ತಿರುವ ಮನುಷ್ಯ, ಬಳಿಕ ಅದೇ ಮನುಷ್ಯ ನೀರಿನ ಲೋಟ ಹಿಡಿದು ಮಾತ್ರೆ ಬಾಯಿಗೆ ಹಾಕುತ್ತಿರುವುದು ಎಂಬ ಎರಡು ಚಿತ್ರಗಳನ್ನು ಒಂದರ ಕೆಳಗೊಂದು ಇಡುವುದು ಇದ್ದುದರಲ್ಲಿ ವಾಸಿ.

ಅಡ್ಡಗೆರೆ ಅಥವಾ ಗುಣಿಸು ಗುರುತಿನಿಂದ 'ಬೇಡ' ಎಂದು ಸೂಚಿಸುವುದೂ ಕಲಿತ ರೂಢಿಯೇ. ಗುರುತು ತೆಳುವಾಗಿದ್ದರೆ ಕೆಳಗಿನ ಚಿತ್ರ ಮಾತ್ರ ಕಣ್ಣಿಗೆ ಬಿದ್ದು, ಮಾಡಬಾರದ್ದನ್ನೇ ಮಾಡಿ ಎಂದಂತಾಗುತ್ತದೆ. ನಿಷೇಧದ ಚಿತ್ರವನ್ನು ಬಾಯಿಮಾತಿನ ವಿವರಣೆಯಿಲ್ಲದೆ ಕೊಡಬಾರದು.

ಚಿತ್ರವನ್ನು ಪರೀಕ್ಷಿಸಲು ದೊಡ್ಡ ಸಂಶೋಧನೆ ಬೇಕಿಲ್ಲ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಅಳತೆಯಲ್ಲಿ ಒಂದು ಚಿತ್ರವನ್ನು ಕನಿಷ್ಠ ಶೇ. 67 ಮಂದಿ, ಅಮೆರಿಕದ ಮಾನಕದಲ್ಲಿ ಶೇ. 85 ಮಂದಿ ಸರಿಯಾಗಿ ಅರ್ಥಮಾಡಿಕೊಳ್ಳಬೇಕು. ಅಂಗಡಿಗೆ ಬರುವ ಇಪ್ಪತ್ತು ಮಂದಿಗೆ ತೋರಿಸಿದರೆ ಎರಡನೆಯ ಅಳತೆಯಂತೆ ಹದಿನೇಳು ಮಂದಿ ಸರಿಯಾಗಿ ಹೇಳಬೇಕು. ಕೇಳುವ ರೀತಿ ಮುಖ್ಯ. 'ಇದು ರಾತ್ರಿ ಅಲ್ವಾ?' ಎಂದರೆ ಹೌದೆಂಬ ಉತ್ತರವೇ ಬರುತ್ತದೆ. 'ಇದರಲ್ಲಿ ಏನು ಕಾಣ್ತಿದೆ, ಇದನ್ನ ನೋಡಿದರೆ ನೀವು ಏನು ಮಾಡ್ತೀರಿ?' ಎಂದು ಕೇಳಿ, ಬಂದ ಉತ್ತರವನ್ನು ತಿದ್ದದೆ ಬರೆದುಕೊಳ್ಳಬೇಕು. ಓದಬಲ್ಲವರನ್ನೇ ಕೇಳಿದರೆ ಪರೀಕ್ಷೆ ವ್ಯರ್ಥ. ಅವರಿಗೆ ಕೆಟ್ಟ ಚಿತ್ರವೂ ಅರ್ಥವಾಗುತ್ತದೆ.

ಒಂದು ಉದಾಹರಣೆ: ವಾರಕ್ಕೊಮ್ಮೆ ನುಂಗುವ ಮಾತ್ರೆ

ಲೇಬಲಿನ ತಪ್ಪು ಪ್ರಾಣಕ್ಕೆ ಬರುವ ಸಂದರ್ಭಗಳಲ್ಲಿ ಮೆಥೊಟ್ರೆಕ್ಸೇಟ್ ಒಂದು. ಕೀಲುಗಳು ಊದುವ ರುಮಟಾಯ್ಡ್ ಸಂಧಿವಾತಕ್ಕೆ ಇದನ್ನು ಸಣ್ಣ ಪ್ರಮಾಣದಲ್ಲಿ ವಾರಕ್ಕೆ ಒಂದು ದಿನ ಕೊಡಲಾಗುತ್ತದೆ. ತಪ್ಪಿ ದಿನವೂ ನುಂಗಿದರೆ ಮೂಳೆಮಜ್ಜೆ ರಕ್ತಕಣಗಳನ್ನು ತಯಾರಿಸುವುದನ್ನು ನಿಲ್ಲಿಸುತ್ತದೆ. ಇದರಿಂದ ಸಾವು ಸಂಭವಿಸಿದ ಘಟನೆಗಳು ಹಲವು ದೇಶಗಳಲ್ಲಿ ದಾಖಲಾಗಿವೆ. ಇದರ ಅಡ್ಡಪರಿಣಾಮ ತಗ್ಗಿಸಲು ಬೇರೆ ದಿನ ಫೋಲಿಕ್ ಆಮ್ಲದ ಮಾತ್ರೆ ಕೊಡುತ್ತಾರೆ. ಎರಡೂ ಸಣ್ಣ ಹಳದಿ ಮಾತ್ರೆಗಳಾಗಿರಬಹುದಾದ್ದರಿಂದ ಅದಲುಬದಲಾಗುವ ಅಪಾಯವೂ ಇದೆ.

ಓದು ಬಾರದ ಅರವತ್ತರ ಹೆಂಗಸೊಬ್ಬರು ತರೀಕೆರೆಯ ಕಡೆಯ ಹಳ್ಳಿಯಿಂದ ಚೀಟಿ ತಂದಿದ್ದಾರೆ ಎಂದು ಭಾವಿಸಬಹುದು. ಮೆಥೊಟ್ರೆಕ್ಸೇಟ್ 7.5 ಮಿ.ಗ್ರಾಂ. ಪ್ರತಿ ಭಾನುವಾರ ರಾತ್ರಿ, ಫೋಲಿಕ್ ಆಮ್ಲ 5 ಮಿ.ಗ್ರಾಂ. ಪ್ರತಿ ಸೋಮವಾರ ರಾತ್ರಿ, ನಾಲ್ಕು ವಾರಕ್ಕೆ ಎಂದು ವೈದ್ಯರು ಬರೆದಿದ್ದಾರೆ. ರೂಢಿಯಂತೆ 'ವಾರಕ್ಕೆ 1' ಎಂದು ಸ್ಟ್ರಿಪ್ಪಿನ ಮೇಲೆ ಬರೆದರೆ ಕನ್ನಡವೇ ಅಡ್ಡ ಬರುತ್ತದೆ. 'ವಾರ' ಎಂದರೆ ಏಳು ದಿನಗಳ ಅವಧಿಯೂ ಹೌದು, ಸೋಮವಾರ ಮಂಗಳವಾರಗಳಂತೆ ಪ್ರತಿಯೊಂದು ದಿನವೂ ಹೌದು. 'ವಾರ ಮಾಡುವುದು' ಎಂದರೆ ದೇವರ ಹೆಸರಿನಲ್ಲಿ ಒಪ್ಪೊತ್ತು ಇರುವುದೂ ಹೌದು.

ಇಂತಹಲ್ಲಿ ಮೊದಲ ರಕ್ಷಣೆ ಎಣಿಕೆ. ನಾಲ್ಕು ವಾರಕ್ಕೆ 7.5 ಮಿ.ಗ್ರಾಂ.ನ ನಾಲ್ಕೇ ಮಾತ್ರೆ ಕೊಡಬೇಕು. ಹತ್ತರ ಸ್ಟ್ರಿಪ್ಪನ್ನು ಇಡಿಯಾಗಿ ಕೊಡಬಾರದು. 2.5 ಮಿ.ಗ್ರಾಂ.ನ ಮಾತ್ರೆ ಮಾತ್ರ ಲಭ್ಯವಿದ್ದರೆ ಒಂದು ಸಲಕ್ಕೆ ಮೂರು ನುಂಗಬೇಕಾಗುತ್ತದೆ. ಹಿಂದಿನ ತಿಂಗಳು ಒಂದು, ಈ ತಿಂಗಳು ಮೂರು ಎಂಬ ಬದಲಾವಣೆಯೇ ತಪ್ಪಿಗೆ ದಾರಿಯಾದ್ದರಿಂದ ಸಾಧ್ಯವಾದಷ್ಟೂ ಒಂದೇ ಪ್ರಮಾಣದ ಮಾತ್ರೆಯನ್ನು ಮುಂದುವರಿಸಬೇಕು. ಬಳಿಕ ಪ್ರತಿ ಭಾನುವಾರದ ಮಾತ್ರೆಯನ್ನು ಸ್ಟ್ರಿಪ್ಪಿನ ಗುಳ್ಳೆ ಒಡೆಯದೆ ಕತ್ತರಿಸಿ ಪ್ರತ್ಯೇಕ ಸಣ್ಣ ಕವರಿನಲ್ಲಿ ಹಾಕಿ, ಆ ಭಾನುವಾರದ ದಿನಾಂಕ ಬರೆಯಬಹುದು. ಕತ್ತರಿಸಿದ ಚೂರಿನಲ್ಲಿ ಹೆಸರು ಮತ್ತು ಅವಧಿಯ ದಿನಾಂಕ ಇರುವುದಿಲ್ಲವಾದ್ದರಿಂದ ಅವನ್ನು, ಬ್ಯಾಚ್ ಸಂಖ್ಯೆಯೊಂದಿಗೆ, ಕವರಿನ ಮೇಲೆ ಬರೆಯಲೇಬೇಕು. ಲೇಬಲ್ ಹೀಗಿರುತ್ತದೆ:

'ಕೀಲು ನೋವಿನ ಮಾತ್ರೆ (ಮೆಥೊಟ್ರೆಕ್ಸೇಟ್ 7.5). ಭಾನುವಾರ ರಾತ್ರಿ ಊಟ ಆದ ಮೇಲೆ 1 ನುಂಗಿ. ಆಮೇಲೆ ಮುಂದಿನ ಭಾನುವಾರದವರೆಗೆ ಬೇಡ. ದಿನಾ ನುಂಗಿದರೆ ಜೀವಕ್ಕೆ ಅಪಾಯ. ಬಾಯಲ್ಲಿ ಹುಣ್ಣು, ಜ್ವರ, ಗಂಟಲು ನೋವು ಬಂದರೆ ಮಾತ್ರೆ ನಿಲ್ಲಿಸಿ, ತಕ್ಷಣ ಡಾಕ್ಟರ ಹತ್ತಿರ ಬನ್ನಿ.'

'ಕೀಲು ನೋವಿನ ಮಾತ್ರೆ' ಎಂಬ ಮಾತಿನಲ್ಲೂ ಒಂದು ಅಪಾಯ ಅಡಗಿದೆ. ನೋವು ಹೆಚ್ಚಾದ ದಿನ ಇನ್ನೊಂದು ನುಂಗಿಬಿಡಬಹುದು. 'ಕೀಲು ಊತದ ಕಾಯಿಲೆಗೆ. ನೋವು ಬಂದಾಗ ನುಂಗುವ ಮಾತ್ರೆ ಅಲ್ಲ' ಎಂದು ಬದಲಿಸಿದರೆ ಅದು ತಪ್ಪುತ್ತದೆ. ಏಳು ವೃತ್ತಗಳಲ್ಲಿ ಒಂದನ್ನು ತುಂಬಿ ವಾರವನ್ನು ತೋರಿಸುವ ಚಿತ್ರ ಶಾಲೆಗೆ ಹೋದವರಿಗೆ ಚೆನ್ನಾಗಿ ತಿಳಿಯುತ್ತದೆ, ಹೋಗದವರಿಗೆ ಅದು ಏಳು ಮಾತ್ರೆಗಳಂತೆ ಕಾಣಬಹುದು. ಓದು ಬಾರದಿದ್ದರೂ ವಾರದ ದಿನಗಳನ್ನು ಸಂತೆಯಿಂದ ಲೆಕ್ಕ ಹಾಕುವುದು ಹಳ್ಳಿಗಳಲ್ಲಿ ರೂಢಿ. ವೈದ್ಯರು ಒಪ್ಪಿದರೆ ರೋಗಿಯ ಊರಿನ ಸಂತೆಯ ದಿನವನ್ನೇ ಮಾತ್ರೆಯ ದಿನವಾಗಿ ಗೊತ್ತುಮಾಡಿ ಕವರಿನ ಮೇಲೆ ಸಂತೆಚೀಲದ ಚಿತ್ರ ಬರೆಯಬಹುದು. ಫೋಲಿಕ್ ಆಮ್ಲವನ್ನು ಬೇರೆ ಬಣ್ಣದ, ಬೇರೆ ಅಳತೆಯ ಕವರಿನಲ್ಲಿ ಕೊಡುವುದು ಉಚಿತ.

ಕೊನೆಗೆ ಅರ್ಥವಾಯಿತೇ ಎಂದು ಕೇಳುವ ಬದಲು, 'ಅಮ್ಮಾ, ಈ ಮಾತ್ರೆ ಭಾನುವಾರ ನುಂಗಿದ ಮೇಲೆ ಮತ್ತೆ ಯಾವಾಗ ನುಂಗ್ತೀರಿ?' ಎಂದು ಕೇಳಬೇಕು. 'ಮಾರನೇ ದಿನ' ಅಥವಾ 'ನೋವು ಬಂದಾಗ' ಎಂಬ ಉತ್ತರ ಬಂದರೆ ಲೇಬಲ್ ಸೋತಿದೆ ಎಂದರ್ಥ. ಆಗ ಮನೆಯಲ್ಲಿ ಮಾತ್ರೆ ನೋಡಿಕೊಳ್ಳುವ ಮತ್ತೊಬ್ಬರಿಗೆ ಫೋನಿನಲ್ಲಾದರೂ ವಿವರಿಸುವವರೆಗೆ ಔಷಧಿಯನ್ನು ಕೈಗಿಡದಿರುವುದು ಸೂಕ್ತ. ಮಾತ್ರೆ ನುಂಗುವವರು ಅಜ್ಜಿಯಾದರೂ ಔಷಧಿ ಕೊಳ್ಳಲು ಬರುವವರು ಎಷ್ಟೋ ಸಲ ಮಗನೋ ಮೊಮ್ಮಗಳೋ ಆಗಿರುತ್ತಾರೆ. ಹೀಗಾಗಿ ಮಾತಿನಲ್ಲಿ ಹೇಳಿದ್ದು ಮನೆ ಮುಟ್ಟುವಷ್ಟರಲ್ಲಿ ಬದಲಾಗಬಹುದು, ಮನೆ ಮುಟ್ಟುವುದು ಲೇಬಲ್ ಒಂದೇ.

ತಯಾರಿಕೆ ಮತ್ತು ಮಿತಿಗಳು

ಕನ್ನಡ ಲೇಬಲನ್ನು ಗಣಕದಿಂದ ಮುದ್ರಿಸುವಾಗ ಅಕ್ಷರ ಒಡೆಯುವುದು ಸಾಮಾನ್ಯ ತೊಂದರೆ. ಹಳೆಯ ಬಿಲ್ಲಿಂಗ್ ತಂತ್ರಾಂಶ ಅಥವಾ ಚಿಕ್ಕ ಲೇಬಲ್ ಮುದ್ರಕ ಯೂನಿಕೋಡ್ ಕನ್ನಡವನ್ನು ಸರಿಯಾಗಿ ಜೋಡಿಸದಿದ್ದರೆ ಒತ್ತಕ್ಷರಗಳು ಬೇರೆಯಾಗುತ್ತವೆ ಅಥವಾ ಬರಿಯ ಚೌಕಗಳು ಮೂಡುತ್ತವೆ. 'ರಾತ್ರಿ', 'ಮಧ್ಯಾಹ್ನ', 'ಮಾತ್ರೆ' ಎಲ್ಲವೂ ಒತ್ತಕ್ಷರದ ಪದಗಳೇ ಆಗಿರುವುದರಿಂದ ಇದನ್ನು ಕಡೆಗಣಿಸಲಾಗದು. ಇಡೀ ಸೂಚನೆಯನ್ನು ಚಿತ್ರವಾಗಿ ಉಳಿಸಿಕೊಂಡು ಮುದ್ರಿಸುವುದು ಒಂದು ಪರಿಹಾರ. ಒತ್ತಕ್ಷರಗಳು ಗೆರೆಯ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಬೇಕು.

ಸಣ್ಣ ಅಂಗಡಿಗೆ ರಬ್ಬರ್ ಸ್ಟಾಂಪೇ ಸಾಕು. ಹುಂಜ, ಸೂರ್ಯ, ಚಾಪೆಯ ಮೂರು ಚಿತ್ರಗಳು, ಪ್ರತಿಯೊಂದರ ಕೆಳಗೆ ಹೆಸರು ಮತ್ತು ಖಾಲಿ ಚೌಕ ಇರುವ ಸ್ಟಾಂಪನ್ನು ಕವರಿನ ಮೇಲೆ ಒತ್ತಿ, ಬೇಕಾದ ಚೌಕದಲ್ಲಿ ಮಾತ್ರೆಯಷ್ಟು ಚುಕ್ಕೆ ಮತ್ತು ಅಂಕಿ ಬರೆದು, ಬೇಡವಾದ ಹೊತ್ತಿನ ಚಿತ್ರವನ್ನೇ ಪೂರ್ತಿ ಹೊಡೆದುಹಾಕಬಹುದು. ಜೆಲ್ ಪೆನ್ನಿನ ಬರಹ ಒದ್ದೆ ಕೈಗೆ ಅಳಿಸುತ್ತದೆ, ಬಾಲ್ ಪೆನ್ ಉಳಿಯುತ್ತದೆ. ಅಂಟಿಸುವ ಚೀಟಿ ತಯಾರಕರ ಲೇಬಲಿನ ಹೆಸರು, ಬ್ಯಾಚ್ ಸಂಖ್ಯೆ ಮತ್ತು ದಿನಾಂಕಗಳನ್ನು ಮುಚ್ಚಬಾರದು. ಬಣ್ಣದ ಚುಕ್ಕೆಗಳಿಂದ ಹೊತ್ತನ್ನು ಸೂಚಿಸುವ ಪದ್ಧತಿಯೂ ಕೆಲವೆಡೆ ಇದೆಯಾದರೂ, ಒಂದು ಅಂಗಡಿಯ ಕೆಂಪು ಇನ್ನೊಂದರಲ್ಲಿ ಬೇರೆ ಅರ್ಥ ಕೊಟ್ಟರೆ ಉಪಕಾರಕ್ಕಿಂತ ಅಪಾಯವೇ ಹೆಚ್ಚು.

ಲೇಬಲ್ ಬರೆಯುವವರು ವೈದ್ಯರು ಬರೆದ ಪ್ರಮಾಣವನ್ನಾಗಲಿ ಹೊತ್ತನ್ನಾಗಲಿ ಬದಲಿಸುವಂತಿಲ್ಲ. ಚೀಟಿಯ ಅಕ್ಷರ ತಿಳಿಯದಿದ್ದರೆ ಊಹಿಸಿ ಸರಳಗೊಳಿಸುವ ಬದಲು ವೈದ್ಯರನ್ನೇ ಕೇಳಬೇಕು, ಏಕೆಂದರೆ ತಪ್ಪಾದ ಸೂಚನೆಯನ್ನು ಸ್ಪಷ್ಟವಾಗಿ ಬರೆದರೆ ರೋಗಿ ಅದನ್ನು ಚಾಚೂ ತಪ್ಪದೆ ಪಾಲಿಸುತ್ತಾರೆ.